ನೂರು ಡಾಲರ್‌ನ ಬೀಗ

ನಾನು ಬಿ.ಕಾಂ. ಓದಿದವನು, ಲೆಕ್ಕ ಅಂದ್ರೆ ನನಗೆ ಡೆಬಿಟ್ಟು, ಕ್ರೆಡಿಟ್ಟು. ಆದ್ರೂ ಇವತ್ತಿನ ಕಥೆ ಒಂದು ಸಂಖ್ಯೆಯದ್ದೇ.

1977ರ ಆಗಸ್ಟ್. 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ 129 ಅಂಕಿಗಳ ಒಂದು ಸಂಖ್ಯೆ, ಜೊತೆಗೊಂದು ಗುಪ್ತ ಸಂದೇಶ ಅಚ್ಚು ಹಾಕಿಸಿದರು. ಸವಾಲು ಎಂಐಟಿಯ ರಿವೆಸ್ಟ್, ಶಮೀರ್, ಆಡ್ಲಮನ್ ಅವರದ್ದು. ಬಿಡಿಸಿದವರಿಗೆ 100 ಡಾಲರ್.

ಗುಟ್ಟು ಏನಂದ್ರೆ, 61ನ್ನು 53ರಿಂದ ಗುಣಿಸಿದ್ರೆ 3233. ಸುಲಭ. ಆದ್ರೆ ಬರೀ 3233 ಕೊಟ್ಟು, ಇದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಅಂತ ಕೇಳಿದ್ರೆ? ಒಂದೊಂದಾಗಿ ಭಾಗಿಸಿ ನೋಡ್ಬೇಕು. 3233 ಎಲ್ಲರಿಗೂ ಕೊಡೋ ಬೀಗದ ಭಾಗ. ಅದರಿಂದ ಯಾರು ಬೇಕಾದ್ರೂ ಸಂದೇಶ ಮುಚ್ಚಬಹುದು. ತೆರೆಯೋ ಕೀಲಿಗೆ 60×52, ಅಂದ್ರೆ 3120 ಗೊತ್ತಿರಬೇಕು. 61 ಮತ್ತು 53 ಗೊತ್ತಿಲ್ಲದವರಿಗೆ ಅದು ಸಿಗಲ್ಲ.

129 ಅಂಕಿಯನ್ನ ಒಡೆಯೋಕೆ ಕೋಟ್ಯಂತರ ವರ್ಷ ಬೇಕು ಅಂತ ಆಗ ಅಂದಾಜಿತ್ತು. 1994ರ ಏಪ್ರಿಲ್‌ನಲ್ಲಿ ಒಡೆದೇಬಿಟ್ಟರು! ಇಂಟರ್ನೆಟ್‌ನಲ್ಲಿ ಸೇರಿದ ಸುಮಾರು 600 ಸ್ವಯಂಸೇವಕರ ಕಂಪ್ಯೂಟರ್‌ಗಳು ಎಂಟು ತಿಂಗಳು ದುಡಿದವು. ವೇಗ ಮಾತ್ರ ಅಲ್ಲ, ಭಾಗಿಸಿ ನೋಡೋದಕ್ಕಿಂತ ಜಾಣ ವಿಧಾನ, ಕ್ವಾಡ್ರಾಟಿಕ್ ಸೀವ್, ಅಷ್ಟರಲ್ಲಿ ಬಂದಿತ್ತು.

ಹಾಗಾಗಿ ಈಗ ಸಾಮಾನ್ಯವಾಗಿ 617 ಅಂಕಿ, ಅಂದ್ರೆ 2048 ಬಿಟ್ ಬಳಸ್ತಾರೆ. ಒಂದು ಮಾತು ನೆನಪಿಡಿ: ಒಡೆಯೋದು ಕಷ್ಟ ಅಂತ ಯಾರೂ ಇನ್ನೂ ಸಾಧಿಸಿ ತೋರಿಸಿಲ್ಲ. ಸುಲಭ ದಾರಿ ಇನ್ನೂ ಸಿಕ್ಕಿಲ್ಲ, ಅಷ್ಟೇ.