ಬ್ರೇಕ್‌ಈವನ್ ಹೇಳದ ಲೆಕ್ಕ: ಗೆಲುವು ಹೆಚ್ಚಾದರೂ ನಷ್ಟ ಏಕೆ?

ಲಾಭವೂ ನಷ್ಟವೂ ಇಲ್ಲದ ಬೆಲೆಯ ಮಟ್ಟವೇ ಬ್ರೇಕ್‌ಈವನ್. ಆ ಮಟ್ಟ ಎಷ್ಟು ಬಾರಿ ಕೈತಪ್ಪೀತು, ತಪ್ಪಿದಾಗ ಎಷ್ಟು ಹಣ ಹೋದೀತು ಎಂಬುದನ್ನು ಅದು ತಿಳಿಸುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ: ನಿಫ್ಟಿ 25,000 ಅಂಶಗಳಲ್ಲಿದ್ದಾಗ ವಹಿವಾಟುದಾರರೊಬ್ಬರು 24,500ರ ಪುಟ್ ಆಪ್ಷನ್ ಮಾರಿ, 24,300ರ ಪುಟ್ ಖರೀದಿಸುತ್ತಾರೆ. ದೊರೆಯುವ ನಿವ್ವಳ ಪ್ರೀಮಿಯಂ ಯೂನಿಟ್‌ಗೆ 40 ರೂ. ಬ್ರೇಕ್‌ಈವನ್ 24,460. ಸೂಚ್ಯಂಕ 540 ಅಂಶ ಕುಸಿಯುವವರೆಗೂ ನಷ್ಟವಿಲ್ಲ. ಆದರೆ ಗರಿಷ್ಠ ಲಾಭ 40 ರೂ., ಗರಿಷ್ಠ ನಷ್ಟ 160 ರೂ.

ವಾಯಿದೆಯ ಕೊನೆಯ ದಿನ ಪೂರ್ಣ ಲಾಭದ ಸಂಭವ ಶೇ 70, ಪೂರ್ಣ ನಷ್ಟದ್ದು ಶೇ 20 ಎಂದಿಟ್ಟುಕೊಳ್ಳೋಣ. ಉಳಿದ ಶೇ 10 ಸಂಭವ 24,300 ಮತ್ತು 24,500ರ ನಡುವೆ ಸಮನಾಗಿ ಹಂಚಿಹೋದರೆ ಅಲ್ಲಿ ಸರಾಸರಿ ನಷ್ಟ 60 ರೂ. ಒಟ್ಟಾರೆ ಲಾಭದ ಸಂಭವ ಶೇ 72. ಆದರೂ ನಿರೀಕ್ಷಿತ ಮೌಲ್ಯ 28 − 32 − 6, ಅಂದರೆ ಯೂನಿಟ್‌ಗೆ 10 ರೂ. ನಷ್ಟ. ದಲ್ಲಾಳಿ ಶುಲ್ಕ, ತೆರಿಗೆ ಇದಕ್ಕೆ ಹೊರತು.

ಇವೇ ಸಂಭವಗಳು ಕ್ರಮವಾಗಿ ಶೇ 80, 14 ಮತ್ತು 6 ಆದರೆ 6 ರೂ. ಲಾಭ. ಬ್ರೇಕ್‌ಈವನ್ ಮಾತ್ರ ಎರಡರಲ್ಲೂ 24,460. ಆದ್ದರಿಂದ ವಹಿವಾಟಿನ ಯೋಗ್ಯತೆಯನ್ನು ನಿರ್ಧರಿಸುವುದು ಸಂಭವದ ಅಂದಾಜು ಮತ್ತು ಮೊತ್ತ. ಅಂದಾಜು ತಪ್ಪಿದರೆ ಉತ್ತರವೂ ತಪ್ಪುತ್ತದೆ.