ತಾನಾಗಿ ಏಳುವ ಬೊಂಬೆ, ಬಿದ್ದೇ ಇರುವ ಬೊಂಬೆ

ಚನ್ನಪಟ್ಟಣದ ಶೈಲಿಯಲ್ಲಿ ಹಾಲೆ ಮರವನ್ನು ಲೇತ್‌ಗೆ ಹಿಡಿದು ಕಡೆದು, ಬಣ್ಣದ ಅರಗು ಹಚ್ಚಿದ ಎರಡು ಹೊಸ ಮಾದರಿಗಳಿವು. ಈ ಕಸುಬಿನ ಬೇರನ್ನು 18ನೇ ಶತಮಾನದ ಟಿಪ್ಪು ಸುಲ್ತಾನನ ಕಾಲಕ್ಕೆ ಒಯ್ಯುವುದು ವಾಡಿಕೆ.

ಎರಡಕ್ಕೂ ಕೆಳಗೆ 3 ಸೆಂ.ಮೀ. ತ್ರಿಜ್ಯದ ಅರ್ಧಗೋಳ, ಮೇಲೆ ಶಂಕು. ಎಡಗಡೆಯ ಶಂಕುವಿನ ಎತ್ತರ 4 ಸೆಂ.ಮೀ., ಬಲಗಡೆಯದು 6. ಒಂದೇ ತುಂಡಿನ ಗಟ್ಟಿ ಮರವಾದ್ದರಿಂದ ಆಕಾರವೇ ಗುರುತ್ವಕೇಂದ್ರವನ್ನು ನಿರ್ಧರಿಸುತ್ತದೆ. ಎಡಗಡೆಯದರಲ್ಲಿ ಅದು ಎರಡು ಭಾಗಗಳು ಕೂಡುವ ಮಟ್ಟಕ್ಕಿಂತ ಸುಮಾರು 3 ಮಿ.ಮೀ. ಕೆಳಗಿದೆ, ವಾಲಿಸಿ ಬಿಟ್ಟರೆ ಬೊಂಬೆ ಎದ್ದು ನಿಲ್ಲುತ್ತದೆ. ಬಲಗಡೆಯದರಲ್ಲಿ ಸುಮಾರು 2 ಮಿ.ಮೀ. ಮೇಲಿದೆ, ಅದು ಉರುಳುತ್ತದೆ. ಇಷ್ಟು ಸಣ್ಣ ಅಂತರವೇ ಸಾಕು!

ಶಂಕುವನ್ನು ಪಕ್ಕದಿಂದ ನೋಡಿ. ಓರೆ ಅಂಚು ಬುಡದ ಅಗಲಕ್ಕಿಂತ ಚಿಕ್ಕದಾಗಿದ್ದರೆ ಬೊಂಬೆ ಏಳುತ್ತದೆ, ಉದ್ದವಾಗಿದ್ದರೆ ಇಲ್ಲ. ಎರಡೂ ಸಮನಾದಾಗ, ಅಂದರೆ ಎತ್ತರ ತ್ರಿಜ್ಯದ √3 ಪಟ್ಟು (ಇಲ್ಲಿ ಸುಮಾರು 5.2 ಸೆಂ.ಮೀ.) ಇದ್ದಾಗ, ವಾಲಿಸಿದಲ್ಲೇ ನಿಲ್ಲುತ್ತದೆ.

ಎಡಗಡೆಯದನ್ನೂ ಶಂಕುವಿನ ಮೈ ನೆಲಕ್ಕೆ ತಾಗುವಂತೆ ಪೂರ್ತಿ ಮಲಗಿಸಿದರೆ ಏಳದು. ಅದಕ್ಕೆ ತಂಜಾವೂರು ಬೊಂಬೆಯಂತೆ ಬುಡದಲ್ಲಿ ಹೆಚ್ಚಿನ ಭಾರ ಬೇಕು.