ರಗ್ಗು, ದಿಂಬು ವಾಷಿಂಗ್ ಮಷಿನ್‌ಗೆ ಹಾಕೋ ಮುಂಚೆ ಒಮ್ಮೆ ತೂಗಿ ನೋಡಿ

ಹುಣಸೂರು: ಚಳಿಗಾಲ ಮುಗಿದು ಯುಗಾದಿ ಹತ್ತಿರ ಬಂತು ಅಂದ್ರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಮನೆಗಳಲ್ಲಿ ರಗ್ಗು, ರಜಾಯಿ, ದಿಂಬು ಎಲ್ಲ ಹೊರಗೆ ಬರುತ್ತವೆ. ಹಿಂದೆ ಇವನ್ನು ಹೊಳೆಗೋ ನಾಲೆಗೋ ಹೊತ್ತುಕೊಂಡು ಹೋಗಿ ತುಳಿದು ಒಗೆಯುತ್ತಿದ್ದರು. ಈಗ ಮನೆಯಲ್ಲೇ ಮಷಿನ್ ಇದೆ. ಹಾಗಂತ ದಪ್ಪ ರಗ್ಗನ್ನು ತುರುಕಿ ಮುಚ್ಚಳ ಹಾಕಿಬಿಟ್ಟರೆ ರಗ್ಗೂ ಸರಿಯಾಗಿ ಒಗೆಯಲ್ಲ, ಕಂತಿನಲ್ಲಿ ತಂದ ಮಷಿನ್ನೂ ರಿಪೇರಿಗೆ ಹೋಗುತ್ತೆ.

ಮಷಿನ್ ಮೇಲೆ ಬರೆದ ಕೆ.ಜಿ ಯಾವುದರದ್ದು?

ಮಷಿನ್ ಮೇಲೆ 6.5 ಕೆ.ಜಿ ಅಂತ ಇದ್ದರೆ ಅದು ಒಣಗಿದ ಹತ್ತಿ ಬಟ್ಟೆಯ ಲೆಕ್ಕ. ಅಂಗಿ, ಪಂಚೆ, ಬೆಡ್‌ಶೀಟ್ ನೀರಿಗೆ ಬಿದ್ದ ಕೂಡಲೇ ಕುಗ್ಗಿ ಕೆಳಗೆ ಕೂರುತ್ತವೆ. ರಗ್ಗು ಹಾಗಲ್ಲ. ತೂಕ ಕಮ್ಮಿ ಇದ್ದರೂ ಜಾಗ ಜಾಸ್ತಿ ತಿನ್ನುತ್ತೆ, ಒಂದೇ ತುಂಡಾಗಿರುವುದರಿಂದ ನೆಂದ ಭಾರವೆಲ್ಲ ಒಂದೇ ಕಡೆ ಬೀಳುತ್ತೆ. ನೀರು ಕುಡಿದ ರಗ್ಗು ಒಣಗಿದ್ದಾಗಿನ ಎರಡು ಮೂರು ಪಟ್ಟು ತೂಗಬಹುದು. ಅದಕ್ಕೇ ಅನೇಕ ಕಂಪನಿಗಳ ಕೈಪಿಡಿಯಲ್ಲಿ ಬ್ಲಾಂಕೆಟ್ ಪ್ರೋಗ್ರಾಂಗೆ ಮಾಮೂಲಿ ಬಟ್ಟೆಗಿಂತ ತುಂಬಾ ಕಡಿಮೆ ತೂಕ ಹೇಳಿರುತ್ತಾರೆ. ನಿಮ್ಮ ಕೈಪಿಡಿಯಲ್ಲಿ ಆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ. ಕೈಪಿಡಿ ಕಳೆದುಹೋಗಿದ್ದರೆ ಮಷಿನ್‌ನ ಅರ್ಧ ತೂಕ ದಾಟಬೇಡಿ.

ಒಂದು ಮನೆಯ ಲೆಕ್ಕ

ಪಿರಿಯಾಪಟ್ಟಣದ ಒಂದು ಮನೆಯಲ್ಲಿ 6.5 ಕೆ.ಜಿ ಟಾಪ್‌ಲೋಡ್ ಮಷಿನ್, ಒಂದು ಡಬಲ್ ರಗ್ಗು, ಎರಡು ಸಿಂಗಲ್ ರಗ್ಗು ಇದೆ ಅಂದುಕೊಳ್ಳಿ. ತೂಗೋದು ಸುಲಭ. ಮನೆಯವರೊಬ್ಬರು ತೂಕದ ಮಷಿನ್ ಮೇಲೆ ಬರಿಗೈಲಿ ನಿಂತರೆ 58 ಕೆ.ಜಿ. ಡಬಲ್ ರಗ್ಗು ಎತ್ತಿಕೊಂಡು ನಿಂತರೆ 62.2. ಅಂದರೆ ರಗ್ಗು 4.2 ಕೆ.ಜಿ. ಸಿಂಗಲ್ ರಗ್ಗು ಹಿಡಿದು ನಿಂತರೆ 60.1, ಅಂದರೆ ಅದು 2.1 ಕೆ.ಜಿ.

ಇಲ್ಲೇ ಬಹಳ ಜನ ಎಡವೋದು. 6.5ರಲ್ಲಿ 4.2 ಕಳೆದರೆ ಇನ್ನೂ 2.3 ಕೆ.ಜಿ ಉಳೀತಲ್ಲ ಅಂತ ಎರಡು ಬೆಡ್‌ಶೀಟ್ ಸೇರಿಸಿಬಿಡುತ್ತಾರೆ. ಅರ್ಧದ ಲೆಕ್ಕದಲ್ಲಿ ಈ ಮಷಿನ್‌ಗೆ 3.25 ಕೆ.ಜಿ ಮಾತ್ರ ಸಲ್ಲುತ್ತೆ. ಹಾಗಾಗಿ ಡಬಲ್ ರಗ್ಗು ಇದರ ಪಾಲಿನದಲ್ಲ. ಅದನ್ನು ಅಂಗಳದಲ್ಲಿ ನೆನೆಸಿ ತುಳಿದು ಒಗೆಯಬೇಕು, ಇಲ್ಲವೇ ದೊಡ್ಡ ಡ್ರಮ್ ಇರೋ ಲಾಂಡ್ರಿಗೆ ಕೊಡಬೇಕು. ಸಿಂಗಲ್ ರಗ್ಗನ್ನು ಒಂದೊಂದಾಗಿ ಹಾಕಬಹುದು. ಎರಡನ್ನೂ ಒಟ್ಟಿಗೆ ಹಾಕಿದರೆ 4.2 ಆಗಿ ಮತ್ತೆ ಅದೇ ಕಥೆ.

ತೂಕ ಸರಿ ಇದ್ದರೂ ಕೈಯಿಂದ ಒಮ್ಮೆ ನೋಡಬೇಕು. ಫ್ರಂಟ್‌ಲೋಡ್‌ನಲ್ಲಿ ಒಣ ರಗ್ಗು ಹಾಕಿದ ಮೇಲೆ ಅದರ ಮೇಲ್ಭಾಗಕ್ಕೂ ಡ್ರಮ್ ಮಾಳಿಗೆಗೂ ನಡುವೆ ಅಂಗೈ ನೆಟ್ಟಗೆ ನಿಲ್ಲುವಷ್ಟು ಜಾಗ ಇರಬೇಕು. ಟಾಪ್‌ಲೋಡ್‌ನಲ್ಲಿ ಅದುಮದೆ ಇಟ್ಟಾಗ ರಗ್ಗು ಡ್ರಮ್ಮಿನ ಅಂಚಿಗಿಂತ ಚೆನ್ನಾಗಿ ಕೆಳಗೇ ಇರಬೇಕು. ಮೊಣಕೈ ಊರಿ ತುರುಕಬೇಕಾಯ್ತು ಅಂದ್ರೆ ಅದು ಹಿಡಿಸಲ್ಲ ಅಂತಲೇ ಅರ್ಥ.

ಹಾಕೋ ರೀತಿ

ಮೊದಲು ಹೊರಗೆ ಚೆನ್ನಾಗಿ ಒದರಿ. ಹೊಗೆಸೊಪ್ಪು ಬೇಯಿಸೋ ದಿನಗಳಲ್ಲಿ ರಾತ್ರಿ ಬ್ಯಾರನ್ ಕಾಯೋರು ಹೊದ್ದ ರಗ್ಗಿನಲ್ಲಿ ಬೂದಿ, ಮಣ್ಣು ಇರುತ್ತೆ. ಅದು ಮಷಿನ್ ಒಳಗೆ ಕೆಸರಾಗುತ್ತೆ. ಟಾಪ್‌ಲೋಡ್‌ಗೆ ಹಾಕುವಾಗ ಉಂಡೆ ಮಾಡಬೇಡಿ. ಉದ್ದಕ್ಕೆ ಮಡಚಿ, ಡ್ರಮ್ಮಿನ ಸುತ್ತ ಸಿಂಬೆ ಥರ ಇಡಿ. ಆಗ ಭಾರ ಎಲ್ಲ ಕಡೆ ಹಂಚಿಹೋಗುತ್ತೆ.

ಬೋರ್‌ವೆಲ್ ಗಡಸು ನೀರಿನಲ್ಲಿ ನೊರೆ ಬರಲ್ಲ ಅಂತ ಪುಡಿ ಜಾಸ್ತಿ ಸುರಿಯಬೇಡಿ. ದಪ್ಪ ರಗ್ಗಿನ ಒಳಗೆ ಹೋದ ಪುಡಿ ಹೊರಗೆ ಬರಲ್ಲ. ಲಿಕ್ವಿಡ್ ಸೋಪು ಕಮ್ಮಿ ಹಾಕಿ, ಜಾಲಿಸೋದನ್ನು ಒಂದು ಸಲ ಹೆಚ್ಚು ಮಾಡಿ. ಒಣಗಿದ ಮೇಲೆ ರಗ್ಗು ಒರಟಾಗಿ, ಕೊಡವಿದರೆ ಬಿಳಿ ಪುಡಿ ಉದುರಿದರೆ ಸೋಪು ಉಳಿದಿದೆ ಅಂತ ತಿಳಿಯಿರಿ. ಬಿಸಿ ನೀರು ಬೇಡ, ಮೃದು ರಗ್ಗಿನ ನವಿರು ಅದರಿಂದ ಹಾಳಾಗುತ್ತೆ.

ದಡದಡ ಅಂದ್ರೆ ನಿಲ್ಲಿಸಿ

ತೊಂದರೆ ಕಾಣಿಸಿಕೊಳ್ಳೋದು ಹೆಚ್ಚಾಗಿ ನೀರು ಹಿಂಡುವಾಗ. ಭಾರ ಒಂದೇ ಕಡೆ ಇದ್ದರೆ ಡ್ರಮ್ ಬದಿಗೆ ಬಡಿಯುತ್ತೆ, ಮಷಿನ್ ಜಾಗ ಬಿಟ್ಟು ಸರಿಯುತ್ತೆ. ಎಲ್‌ಜಿ ಮಷಿನ್‌ನಲ್ಲಿ ಆಗ UE ಅಂತ ಬರುತ್ತೆ. ಬಹಳಷ್ಟು ಮಷಿನ್‌ಗಳು ಭಾರ ಸರಿ ಮಾಡೋಕೆ ತಾವೇ ಮತ್ತೆ ನೀರು ತುಂಬಿಸಿಕೊಂಡು ಮತ್ತೆ ಹಿಂಡಲು ನೋಡುತ್ತವೆ. ಟ್ಯಾಂಕ್ ಖಾಲಿ ಆಗ್ತಾ ಇದೆ, ಆದರೆ ಕೆಲಸ ಮುಗೀತಾ ಇಲ್ಲ ಅಂದ್ರೆ ಕಾರಣ ಇದೇ ಇರಬಹುದು.

ಸದ್ದು ಬಂದ ಕೂಡಲೇ ನಿಲ್ಲಿಸಿ. ಡ್ರಮ್ ಪೂರ್ತಿ ನಿಂತ ಮೇಲೆ ತೆಗೆದು, ರಗ್ಗನ್ನು ಬಿಡಿಸಿ ಸುತ್ತ ಹರಡಿ, ಕಡಿಮೆ ವೇಗದ ಸ್ಪಿನ್ ಇಡಿ. ಎರಡು ಸಲ ಮಾಡಿದರೂ ಹಾಗೇ ಆದರೆ ಮೂರನೇ ಸಲ ಬೇಡ. ನೀರು ಬಿಟ್ಟು, ರಗ್ಗು ಹೊರಗೆ ತೆಗೆದು ಕಟ್ಟೆ ಮೇಲೆ ಸುರಿಯಲು ಬಿಡಿ. ಹಠ ಹಿಡಿದರೆ ಡ್ರಮ್ ಹಿಡಿದಿರೋ ಸಸ್ಪೆನ್ಷನ್ ಮತ್ತು ಬೇರಿಂಗ್‌ಗೆ ಪೆಟ್ಟು.

ಮಕ್ಕಳ, ವಯಸ್ಸಾದವರ ಹಾಸಿಗೆಗೆ ಹಾಕೋ ನೀರು ಇಳಿಯದ ಶೀಟನ್ನು ಇದರ ಜೊತೆ ಹಾಕಲೇಬೇಡಿ. ಅದು ಚೀಲದಂತೆ ನೀರು ಹಿಡಿದುಕೊಂಡು, ವೇಗ ಹೆಚ್ಚಿದಾಗ ಒಮ್ಮೆಲೇ ಭಾರ ಒಂದು ಕಡೆಗೆ ಎಳೆಯುತ್ತೆ. 2016ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಸುಮಾರು 28 ಲಕ್ಷ ಟಾಪ್‌ಲೋಡ್ ಮಷಿನ್‌ಗಳನ್ನು ಹಿಂಪಡೆಯುವ ಪ್ರಕಟಣೆ ಹೊರಡಿಸಿತ್ತು. ಜೋರಾಗಿ ಅದುರಿ ಮೇಲಿನ ಮುಚ್ಚಳವೇ ಕಳಚುವ ಅಪಾಯ ಇತ್ತು. ಹಾಸಿಗೆ ಬಟ್ಟೆ, ನೀರು ಇಳಿಯದ ಬಟ್ಟೆಗೆ ಕಡಿಮೆ ವೇಗದ ಪ್ರೋಗ್ರಾಂ ಮಾತ್ರ ಬಳಸಿ ಅಂತ ಆಗ ಗ್ರಾಹಕರಿಗೆ ಹೇಳಲಾಗಿತ್ತು.

ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಇರೋರು ಇನ್ನೊಂದು ಮಾತು ನೆನಪಿಡಬೇಕು. ಅದರಲ್ಲಿ ಒಗೆಯೋ ತೊಟ್ಟಿ ದೊಡ್ಡದು, ಹಿಂಡೋ ತೊಟ್ಟಿ ಚಿಕ್ಕದು. ಒಗೆಯೋ ಕಡೆ ಹಿಡಿಸಿದ ರಗ್ಗು ಹಿಂಡೋ ಕಡೆ ಹಿಡಿಸಲ್ಲ. ಒಳಗಿನ ಪ್ಲಾಸ್ಟಿಕ್ ತಟ್ಟೆ ಸಲೀಸಾಗಿ ಕೂರದಿದ್ದರೆ ಹಿಂಡಲು ಹೋಗಬೇಡಿ, ಹೊರಗೇ ಸುರಿಸಿ.

ದಿಂಬಿಗೆ ಒಳಗೇನಿದೆ ನೋಡಿ

ಪಾಲಿಯೆಸ್ಟರ್ ಫೈಬರ್ ದಿಂಬಾದರೆ ಎರಡನ್ನು ಎದುರುಬದುರು ನಿಲ್ಲಿಸಿ ಹಾಕಿ. ಒಂದೇ ಹಾಕಿದರೆ ಭಾರ ಒಂದು ಕಡೆಗೆ ಹೋಗುತ್ತೆ. ಬೂರುಗದ ಹತ್ತಿ, ಮಾಮೂಲಿ ಹತ್ತಿ ದಿಂಬು ಮಷಿನ್‌ಗೆ ಬೇಡ. ಒಳಗೆ ಗಂಟು ಕಟ್ಟುತ್ತೆ, ನಡುವೆ ಒಣಗದೆ ಮುಗ್ಗಲು ಹಿಡಿಯುತ್ತೆ. ಅದರ ಕವರ್ ಮಾತ್ರ ಒಗೆದು, ದಿಂಬನ್ನು ಬಿಸಿಲಿಗೆ ಹಾಕಿ. ಫೋಮ್ ದಿಂಬು, ಕುರಿ ಉಣ್ಣೆಯ ಕಂಬಳಿ ಕೂಡ ಮಷಿನ್‌ಗೆ ಸಲ್ಲದು.

ಬಿಸಿಲು ನೋಡಿ ಒಗೆಯಿರಿ

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಇದಕ್ಕೆ ಒಳ್ಳೇದು. ಎಚ್.ಡಿ.ಕೋಟೆ, ಪಿರಿಯಾಪಟ್ಟಣ ಕಡೆ ಜೂನ್‌ನಿಂದ ಮಳೆ ಹಿಡಿದರೆ ದಪ್ಪ ರಗ್ಗು ಒಣಗೋದು ಕಷ್ಟ. ಒಂದೇ ಹಗ್ಗಕ್ಕೆ ನೇತು ಹಾಕದೆ, ಎರಡು ಹಗ್ಗದ ಮೇಲೆ ಹರಡಿ. ದಿಂಬನ್ನು ಆಗಾಗ ಮಗುಚಿ, ತಟ್ಟಿ ಸಡಿಲ ಮಾಡಬೇಕು. ಎರಡು ಮೂರು ದಿನ ಬೇಕಾಗಬಹುದು. ಸಂಜೆ ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಟ್ಟು ನಡುವೆ ಒತ್ತಿ ನೋಡಿ. ಕೈಗೆ ತಣ್ಣಗೆ ತಾಗಿದರೆ ಒಳಗೆ ಇನ್ನೂ ತೇವ ಇದೆ, ಮಾರನೇ ದಿನ ಮತ್ತೆ ಬಿಸಿಲಿಗೆ ಹಾಕಿ.